ಡಬ್ಬಿ ಹೋಯಿತು, ಒತ್ತು ಬರಲಿಲ್ಲ

ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಮೂಡಿಸಿದ್ದು ಫಾಂಟು ಎಂದು ನಂಬಿದವರು ಇಂದಿಗೂ ಬಹಳ. ಆ್ಯಪಿನ ಜೊತೆಗೇ ಒಂದು ಕನ್ನಡ ಫಾಂಟ್ ಸೇರಿಸಿ ಕಳಿಸಿ, ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ಹೊಸಬರಿಗೆ ಈಗಲೂ ಸಿಗುತ್ತದೆ. ಆ ಸಲಹೆಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಬಹಳ ಹೆಚ್ಚು. ಫಾಂಟ್ ಸೇರಿಸಿದಾಗ ಪರದೆಯ ಮೇಲಿನ ಡಬ್ಬಿಗಳು ಮಾಯವಾದವು, ನಿಜ. ಆದರೆ ಅವುಗಳ ಜಾಗಕ್ಕೆ ಬಂದದ್ದು ಕನ್ನಡದ ಬಿಡಿಭಾಗಗಳು, ಕನ್ನಡವಲ್ಲ.

ಆಂಡ್ರಾಯ್ಡ್ 2.3 ಓಡುತ್ತಿದ್ದ ಸಾಧಾರಣ ಫೋನೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ಕನ್ನಡ ಫಾಂಟೂ ಇರಲಿಲ್ಲ, ಅಕ್ಷರಗಳನ್ನು ಜೋಡಿಸುವ ಶೇಪಿಂಗ್ ಎಂಜಿನ್ನೂ ಇರಲಿಲ್ಲ. ಕನ್ನಡ, ತೆಲುಗು, ಮಲಯಾಳಂಗಳ ಬೆಂಬಲ ಬಂದದ್ದು 2012ರ 4.1ರಲ್ಲಿ. ಆ ನಡುವೆ ಆ್ಯಪ್ ಬರೆಯುವವರು ಮಾಡುತ್ತಿದ್ದುದು ಈ ಎರಡು ಸಾಲಿನ ಪರಿಹಾರ:

```
Typeface tf = Typeface.createFromAsset(getAssets(), "fonts/kannada.ttf");
textView.setTypeface(tf);
```

ಈಗ ಆ ಪರದೆಗೆ ‘ಶಕ್ತಿ’ ಎಂಬ ಪದವನ್ನು ಕೊಡಿ. ಕಡತದಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿ ಕೂತಿರುತ್ತದೆ: ಶ, ಕ, ಹಲಂತ, ತ, ಗುಡಿಸು.

```
0CB6 0C95 0CCD 0CA4 0CBF
```

ಬರೆಯುವ ಕೈ ಮಾತ್ರ ಈ ಕ್ರಮವನ್ನು ಪಾಲಿಸುವುದಿಲ್ಲ. ಕೊನೆಯಲ್ಲಿ ಬಂದ ಗುಡಿಸು ಹಿಂದಕ್ಕೆ ಹಾರಿ ‘ಕ’ದ ತಲೆಯ ಮೇಲೆ ಕೂರಬೇಕು, ಅದು ಕೂತೊಡನೆ ‘ಕ’ದ ತಲಕಟ್ಟು ಅಳಿಯಬೇಕು, ಹಲಂತ ಮತ್ತು ‘ತ’ ಎರಡೂ ಸೇರಿ ಒಂದೇ ಒತ್ತಾಗಿ ಕೆಳಗಿಳಿಯಬೇಕು. ಇವೆಲ್ಲವನ್ನೂ ಮಾಡಲು ಬೇಕಾದ ನಿಯಮಗಳು ಓಪನ್‌ಟೈಪ್ ಫಾಂಟಿನೊಳಗೇ ಕೋಷ್ಟಕಗಳಾಗಿ ಇರುತ್ತವೆ. ಆದರೆ ಕೋಷ್ಟಕ ತಾನಾಗಿ ಏನನ್ನೂ ಮಾಡದು. ಪದವನ್ನು ಅಕ್ಷರಗಳಾಗಿ ಒಡೆದು, ಯಾವುದು ಮುಖ್ಯ ವ್ಯಂಜನ, ಯಾವುದು ಒತ್ತು ಎಂದು ಗುರುತಿಸಿ, ಆಯಾ ನಿಯಮವನ್ನು ಸರದಿಯಂತೆ ಅನ್ವಯಿಸುವ ಎಂಜಿನ್ ಬೇಕು. ಅದಿಲ್ಲದ ಫೋನು ಐದು ಸಂಕೇತಗಳಿಗೆ ಐದು ಚಿತ್ರಗಳನ್ನು ಸಾಲಾಗಿ ಬಿಡಿಸಿ ಸುಮ್ಮನಾಗುತ್ತದೆ. ಓದುಗನಿಗೆ ಕಾಣುವುದು ತಲಕಟ್ಟು ಹಾಗೇ ಉಳಿದ ‘ಕ’, ಅದರ ಪಕ್ಕದಲ್ಲಿ ನೇತಾಡುವ ಹಲಂತ, ಪೂರ್ತಿ ಗಾತ್ರದ ‘ತ’, ಕೊನೆಗೆ ಯಾರಿಗೂ ಸೇರದ ಒಂದು ಕೊಂಕು. ಒತ್ತಕ್ಷರದ ಮಾತಿರಲಿ, ಬರೀ ‘ತಿ’ ಕೂಡ ಕೂಡಿಬರುವುದಿಲ್ಲ.

ಫೋನನ್ನು ರೂಟ್ ಮಾಡಿ `/system/fonts/` ಒಳಗಿನ `DroidSansFallback.ttf` ಕಡತವನ್ನೇ ಬದಲಿಸಿದ ಸಾಹಸಿಗಳಿಗೂ ಸಿಕ್ಕಿದ್ದು ಇದೇ ಫಲ.

ಈ ಹಂತದಲ್ಲಿ ನಮ್ಮವರು ಒಂದು ಜಾಣತನ ಮಾಡಿದರು. ಅದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಯೂನಿಕೋಡ್ ಪಠ್ಯವನ್ನು ತೋರಿಸುವ ಮುನ್ನ ನುಡಿ, ಬರಹ ಮಾದರಿಯ ಹಳೆಯ ಸಂಕೇತಕ್ಕೆ ತಿರುಗಿಸಿ, ಅದೇ ಮಾದರಿಯ ಫಾಂಟನ್ನು ಆ್ಯಪಿನಲ್ಲಿ ಸೇರಿಸಿದರು. ಈ ಫಾಂಟುಗಳಲ್ಲಿ ‘ಕಿ’ ಒಂದು ಸಿದ್ಧ ಚಿತ್ರ, ‘ತ’ದ ಒತ್ತು ಇನ್ನೊಂದು, ಎರಡೂ ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಮನೆಗಳಲ್ಲಿ ಬಾಡಿಗೆಗಿರುತ್ತವೆ. ಫೋನು ಇಂಗ್ಲಿಷನ್ನು ಬಿಡಿಸುವಂತೆ ಬಿಡಿಸಿದರೂ ‘ಶಕ್ತಿ’ ಸರಿಯಾಗಿಯೇ ಮೂಡುತ್ತದೆ. ಮೆಚ್ಚಬೇಕಾದ ಉಪಾಯ.

ಆದರೆ ಈ ಪರಿವರ್ತಕ ಒಳಗೆ ಏನು ಮಾಡುತ್ತಿದೆ, ನೋಡಿ. ‘ಕೀರ್ತಿ’ ಬಂದರೆ ‘ಕೀ’ಯನ್ನು ಬೇರೆ ಮಾಡುತ್ತದೆ. ಉಳಿದ ಭಾಗ ರಕಾರ ಮತ್ತು ಹಲಂತದಿಂದ ಆರಂಭವಾಗಿದೆಯೇ ಎಂದು ನೋಡುತ್ತದೆ. ಹೌದಾದರೆ ಆ ಜೋಡಿಯನ್ನು ಎತ್ತಿಟ್ಟುಕೊಂಡು, ‘ತಿ’ ಬರೆದು, ಅದರ ಬೆನ್ನಿಗೆ ಅರ್ಕಾವತ್ತನ್ನು ಹಚ್ಚುತ್ತದೆ. ‘ಸ್ತ್ರೀ’ ಬಂದರೆ ಗುಡಿಸನ್ನು ‘ಸ’ಕಾರಕ್ಕೆ ಕೊಟ್ಟು, ಎರಡು ಒತ್ತುಗಳನ್ನು ಸಾಲಾಗಿ ಇಟ್ಟು, ದೀರ್ಘವನ್ನು ಕೊನೆಗೆ ಹಚ್ಚುತ್ತದೆ. ಇದು ಶೇಪಿಂಗ್ ಎಂಜಿನ್ನಿನದೇ ಕೆಲಸ! ಫೋನಿನಲ್ಲಿ ಎಂಜಿನ್ ಇಲ್ಲವೆಂದು ಪ್ರತಿ ಆ್ಯಪೂ ತನ್ನದೇ ಒಂದು ಅರೆಬೆಂದ ಎಂಜಿನ್ ಬರೆದುಕೊಂಡಿತು. ಅರೆಬೆಂದದ್ದು ಎಂದು ಗೊತ್ತಾಗಲು ‘ರ‍್ಯಾಂಕ್’ ಎಂಬ ಒಂದು ಪದ ಸಾಕು. ಇಲ್ಲಿ ಅರ್ಕಾವತ್ತು ಬೇಡ, ಪೂರ್ಣ ರಕಾರಕ್ಕೆ ‘ಯ’ ಒತ್ತು ಬೇಕು. ಅದನ್ನು ಹೇಳಲು ರಕಾರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಜೋಡಕ U+200D ಇರುತ್ತದೆ. ಕಾಣದ್ದನ್ನು ಲೆಕ್ಕಕ್ಕೆ ಹಿಡಿಯದ ಪರಿವರ್ತಕ ಅದನ್ನು ಉದುರಿಸಿದರೆ ಅರ್ಕಾವತ್ತು ಬರುತ್ತದೆ, ಉಳಿಸಿದರೆ ಪದದ ನಡುವೆ ಮತ್ತೆ ಡಬ್ಬಿ ಬರುತ್ತದೆ.

ನಷ್ಟ ಅಲ್ಲಿಗೇ ನಿಲ್ಲಲಿಲ್ಲ. ತೋರಿಸುವ ಪಠ್ಯವೇ ಲ್ಯಾಟಿನ್ ಕಲಸುಮೇಲೋಗರವಾದ್ದರಿಂದ ನಕಲು ಮಾಡಿ ಗೆಳೆಯನಿಗೆ ಕಳಿಸಿದರೆ ಅವನಿಗೆ ಗೊಬ್ಬರ ಸಿಗುತ್ತದೆ. ದೃಷ್ಟಿಹೀನರಿಗೆ ಟಾಕ್‌ಬ್ಯಾಕ್ ಓದಿಹೇಳುವುದೂ ಅದನ್ನೇ.

ಇಲ್ಲಿ ಒಂದು ಹಳೆಯ ಜಗಳ ಎತ್ತಲೇಬೇಕು. ಕನ್ನಡ ಒಡೆದು ಕಂಡಾಗಲೆಲ್ಲ ತಪ್ಪನ್ನು ಯೂನಿಕೋಡಿನ ತಲೆಗೆ ಕಟ್ಟುವ ಪಂಥವೊಂದು ನಮ್ಮಲ್ಲಿದೆ. ಬರೆಯುವ ಕ್ರಮದಲ್ಲೇ ಸಂಕೇತಗಳಿದ್ದರೆ ಈ ಗೋಳೇ ಇರುತ್ತಿರಲಿಲ್ಲ, ಹಳೆಯ ಫಾಂಟುಗಳೇ ಕನ್ನಡದ ಜಾಯಮಾನಕ್ಕೆ ಹೊಂದುವಂಥವು ಎಂಬುದು ಅವರ ವಾದ. ಆದರೆ ‘ಕ’, ‘ಕಿ’, ‘ಕ’ದ ಒತ್ತು ಇವುಗಳಿಗೆ ಪರಸ್ಪರ ಸಂಬಂಧವಿಲ್ಲದ ಸಂಕೇತ ಕೊಟ್ಟ ಮೇಲೆ ನಿಘಂಟಿನ ಅಕಾರಾದಿಯನ್ನು ಅವರು ಹೇಗೆ ಜೋಡಿಸುತ್ತಾರೆ? ಅದಕ್ಕಾಗಿ ಪ್ರತಿ ಪದವನ್ನೂ ಮೊದಲು ಉಚ್ಚಾರಣೆಯ ಕ್ರಮಕ್ಕೆ ತಿರುಗಿಸಲೇಬೇಕು, ಅಂದರೆ ಯೂನಿಕೋಡ್ ಎಲ್ಲಿದೆಯೋ ಅಲ್ಲಿಗೇ ಬರಬೇಕು. ಅವರು ದೂರಬೇಕಾಗಿದ್ದದ್ದು ಎಂಜಿನ್ ಇಲ್ಲದೆ ಫೋನು ಮಾರಿದವರನ್ನು.

ಇದಕ್ಕೆ ಪುರಾವೆ ಆಗಲೇ ನಮ್ಮ ಕಣ್ಣೆದುರಿಗಿತ್ತು. 2011ರ ಕೊನೆಯಲ್ಲಿ ವಿಕಿಪೀಡಿಯ ಭಾರತೀಯ ಭಾಷೆಗಳ ಪುಟಗಳ ಜೊತೆ ವೆಬ್‌ಫಾಂಟ್ ಕಳಿಸತೊಡಗಿತು. 2.3ರ ಫೋನಿನ ಜೊತೆಗೆ ಬಂದ ಬ್ರೌಸರಿನಲ್ಲಿ ಕನ್ನಡ ವಿಕಿಪೀಡಿಯದ ಪುಟ ತೆರೆದರೆ ಫಾಂಟ್ ಇಳಿದುಬಂದರೂ ಅಕ್ಷರಗಳು ಚದುರಿಯೇ ಇರುತ್ತಿದ್ದವು. ಅದೇ ಫೋನು, ಅದೇ ಪುಟ, ಅದೇ ಫಾಂಟು. ಫೈರ್‌ಫಾಕ್ಸಿನಲ್ಲಿ ತೆರೆದರೆ ಒತ್ತುಗಳು ತಮ್ಮ ಜಾಗದಲ್ಲಿ. ಏಕೆಂದರೆ ಫೈರ್‌ಫಾಕ್ಸ್ ಹಾರ್ಫ್‌ಬಜ್ ಎಂಬ ಶೇಪಿಂಗ್ ಎಂಜಿನ್ನನ್ನು ತನ್ನೊಳಗೇ ಇಟ್ಟುಕೊಂಡು ಬಂದಿತ್ತು. ಒಪೆರಾ ಮಿನಿಯ ಹಾದಿ ಇನ್ನೂ ಒರಟು. `opera:config` ಪುಟದಲ್ಲಿ “Use bitmap fonts for complex scripts” ಎಂಬುದನ್ನು `Yes` ಮಾಡಿದರೆ ಸರ್ವರೇ ಅಕ್ಷರಗಳನ್ನು ಜೋಡಿಸಿ ಚಿತ್ರವಾಗಿ ಕಳಿಸುತ್ತಿತ್ತು. ಜಾವಾ ಫೋನಿನಲ್ಲೂ ‘ರಾಷ್ಟ್ರ’ ರಾಷ್ಟ್ರವಾಗಿಯೇ ಕಂಡಿತು. ಚಿತ್ರವಾದ್ದರಿಂದ ನಕಲು ಸಾಧ್ಯವಿರಲಿಲ್ಲ ಎಂಬುದು ನಿಜವಾದ ಕೊರತೆ, ಆದರೆ ಮೂಲ ಪಠ್ಯ ಕೆಟ್ಟಿರಲಿಲ್ಲ. ಈ ಎರಡು ಕೆಲಸಗಳಿಗೆ ನಮ್ಮ ಗಣಕ ಸಾಹಿತ್ಯದಲ್ಲಿ ಸಿಕ್ಕಿರುವ ಜಾಗ ಅತ್ಯಲ್ಪ.

ಫಾಂಟ್ ಸೇರಿಸುವುದೇ ತಪ್ಪೆಂದಲ್ಲ. ಎಂಜಿನ್ ಇದ್ದು ಫಾಂಟ್ ಇಲ್ಲದ ಅಥವಾ ಕೆಟ್ಟ ಫಾಂಟ್ ಇರುವ ಫೋನಿಗೆ ಅದೇ ಮದ್ದು. ಅಲ್ಲೂ ಒಂದು ಪೇಚಿದೆ. ಕನ್ನಡದ ಓಪನ್‌ಟೈಪ್ ನಿಯಮಗಳಿಗೆ `knda` ಎಂಬ ಹಳೆಯ ಗುರುತೂ `knd2` ಎಂಬ ಹೊಸ ಗುರುತೂ ಇವೆ. ಹಳೆಯದರಲ್ಲಿ ಒತ್ತಿನ ನಿಯಮ ವ್ಯಂಜನ ಮುಂದು, ಹಲಂತ ಹಿಂದು ಎಂದು ಬರೆದಿರುತ್ತದೆ; ಹೊಸದರಲ್ಲಿ ಅದು ತಿರುವುಮುರುವು. ಹಳೆಯ ಗುರುತನ್ನಷ್ಟೇ ಬಲ್ಲ ಎಂಜಿನ್ನಿಗೆ ಹೊಸ ಗುರುತಿನ ಫಾಂಟನ್ನಷ್ಟೇ ಕೊಟ್ಟರೆ ನಿಯಮಗಳು ಇದ್ದೂ ಇಲ್ಲದಂತೆ. ಆದ್ದರಿಂದ ಕೆಟ್ಟ ಪರದೆ ಕಂಡಾಗ ಮೊದಲು ಲಕ್ಷಣ ನೋಡಬೇಕು. ಬರೀ ಡಬ್ಬಿಗಳಿದ್ದರೆ ಫಾಂಟ್ ಇಲ್ಲ. ‘ತಿ’ಯೂ ಕೂಡದಿದ್ದರೆ ಎಂಜಿನ್ ಇಲ್ಲ, ಅಥವಾ ಅದಕ್ಕೆ ಫಾಂಟಿನ ನಿಯಮಗಳು ಸಿಕ್ಕಿಲ್ಲ, ಎರಡೂ ಗುರುತುಗಳಿರುವ ಫಾಂಟ್ ಹಾಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ‘ತಿ’ ಸರಿಯಿದ್ದು ಒತ್ತುಗಳು ಮಾತ್ರ ಕೆಟ್ಟಿದ್ದರೆ ಫಾಂಟಿನ ಒತ್ತಿನ ನಿಯಮಕ್ಕೂ ಎಂಜಿನ್ನಿಗೂ ಹೊಂದಿಕೆಯಿಲ್ಲ.

4.1ಕ್ಕಿಂತ ಹಿಂದಿನ ಫೋನುಗಳನ್ನು ಈಗ ಹೆಚ್ಚಿನ ಆ್ಯಪುಗಳು ಕೈಬಿಟ್ಟಿವೆ. ಪರಿವರ್ತಕದ ಸಾಲುಗಳನ್ನು ಅಳಿಸುವುದೇನೂ ಕಷ್ಟವಲ್ಲ. ಕಷ್ಟವಿರುವುದು ಪರಿವರ್ತಿಸಿದ್ದನ್ನೇ ಡೇಟಾಬೇಸಿಗೆ ತುಂಬಿಸಿಟ್ಟ ಕಡೆ. ಅಲ್ಲಿ ‘ಕೀರ್ತಿ’ಯ ಅರ್ಕಾವತ್ತು ‘ತಿ’ಯ ಹಿಂದೆ ಕೂತಿದೆ, ಅದನ್ನು ಮತ್ತೆ ಮುಂದಕ್ಕೆ ತರಬೇಕು. ಉದುರಿಹೋದ ಜೋಡಕಗಳನ್ನು ಯಾವ ಯಂತ್ರವೂ ಊಹಿಸಿ ತುಂಬಲಾರದು, ಪದಪದವನ್ನೂ ಯಾರಾದರೂ ಕೂತು ಓದಬೇಕು.