ಅಂಕಿಯ ಒಡೆತನ: ಇಂಗ್ಲಿಷ್ ವರದಿಯ ಕನ್ನಡ ಸಂಗ್ರಹವನ್ನು ಕುರಿತು

ದೀರ್ಘವಾದ ಇಂಗ್ಲಿಷ್ ಸುದ್ದಿಬರಹವನ್ನು ಕನ್ನಡದಲ್ಲಿ ಸಂಗ್ರಹಿಸುವವರಿಗೆ ಮೊದಲು ಹೇಳುವ ವಿಧಿ, ಹೆಸರು ಮತ್ತು ಅಂಕಿಗಳನ್ನು ಬದಲಿಸಕೂಡದು ಎಂಬುದು. ವಿಧಿ ಸರಿಯಾದುದೇ. ಆದರೆ ಅಂಕಿಯೊಂದೂ ತಪ್ಪದೆ ಸಂಗ್ರಹ ಪೂರ್ತಿಯಾಗಿ ತಪ್ಪಾಗಬಹುದು. ಚೆನ್ನೈಯಲ್ಲಿ ಕುಳಿತು ಎರಡು ರಾಜ್ಯಗಳ ಪತ್ರಿಕೆಗಳನ್ನೂ ಓದುವವರಿಗೆ ಕಾವೇರಿ ತೀರ್ಪಿನ ವರದಿಗಳು ಇದಕ್ಕೆ ಒಳ್ಳೆಯ ನಿದರ್ಶನ.

2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕಾವೇರಿ ನ್ಯಾಯಮಂಡಳಿಯ 2007ರ ಅಂತಿಮ ತೀರ್ಪನ್ನು ಮಾರ್ಪಡಿಸಿತು. ತಮಿಳುನಾಡಿನ ಹಂಚಿಕೆ 419 ಟಿಎಂಸಿ ಅಡಿಯಿಂದ 404.25ಕ್ಕೆ ಇಳಿಯಿತು, ಕರ್ನಾಟಕದ್ದು 270ರಿಂದ 284.75ಕ್ಕೆ ಏರಿತು; ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ಹರಿಸಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಉದ್ದವಾದ ವರದಿಯಲ್ಲಿ ಇವು ಬೇರೆ ಬೇರೆ ಕಂಡಿಕೆಗಳಲ್ಲಿ ಹರಡಿಕೊಂಡಿರುತ್ತವೆ. ಸಂಗ್ರಹಕಾರನು ಅವಸರದಲ್ಲಿ ಹೀಗೆ ಬರೆದನೆನ್ನೋಣ: ‘ತಮಿಳುನಾಡಿಗೆ ಈ ಹಿಂದೆ 419 ಟಿಎಂಸಿ ಅಡಿ ನೀರು ನಿಗದಿಯಾಗಿತ್ತು, ಈಗ 177.25 ಟಿಎಂಸಿ ಅಡಿ ಮಾತ್ರ ದೊರೆಯಲಿದೆ.’ ಎರಡು ಅಂಕಿಗಳೂ ಮೂಲದಲ್ಲಿರುವಂಥವೇ. ವಾಕ್ಯ ಮಾತ್ರ ಸುಳ್ಳು. 419 ಎಂಬುದು ಇಡೀ ಹಂಚಿಕೆ, 177.25 ಎಂಬುದು ಗಡಿಯ ಮಾಪನ ಕೇಂದ್ರವೊಂದರಲ್ಲಿ ಅಳೆಯುವ ನೀರು. ಹಂಚಿಕೆಯ ಉಳಿದ ಭಾಗ ಅಲ್ಲಿಂದ ಕೆಳಗೆ, ಭವಾನಿ, ಅಮರಾವತಿ ಮೊದಲಾದ ಉಪನದಿಗಳ ಪ್ರದೇಶದಲ್ಲಿ ತಮಿಳುನಾಡಿನೊಳಗೇ ಹುಟ್ಟುವಂಥದು. ‘ಬಿಳಿಗುಂಡ್ಲು’ ಎಂಬ ಒಂದು ಸ್ಥಳನಾಮವನ್ನು ಸಂಕ್ಷೇಪದ ಹೆಸರಿನಲ್ಲಿ ಬಿಟ್ಟುದರಿಂದ 177.25 ತನ್ನ ಒಡೆತನವನ್ನು ಕಳೆದುಕೊಂಡಿದೆ.

ಇಂಥ ದೋಷವನ್ನು ಕಂಡುಹಿಡಿಯಲು ಕಳೆಯುವ ಲೆಕ್ಕ ಸಾಕು. ಮೇಲಿನ ಮೂರು ಜೋಡಿಗಳಲ್ಲಿಯೂ ವ್ಯತ್ಯಾಸ 14.75. ಸಂಗ್ರಹದ ಜೋಡಿಯಲ್ಲಿ ಕಳೆದರೆ 241.75 ಬರುತ್ತದೆ; ಆ ಅಂಕಿ ತೀರ್ಪಿನ ಯಾವ ಬದಲಾವಣೆಗೂ ಹೊಂದುವುದಿಲ್ಲ. ಆ 14.75ನ್ನು ‘ಸುಮಾರು 15’ ಎಂದು ದುಂಡಾಗಿಸಿದರೆ ಈ ಪರೀಕ್ಷೆಯೂ ಕೈತಪ್ಪುತ್ತದೆ. ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ; ಆದ್ದರಿಂದ ಹೆಚ್ಚಾಗಿ ಸೇರಿದ ಕಾಲು ಭಾಗವೇ 25 ಕೋಟಿ ಘನ ಅಡಿ. ಜಗಳವಿರುವ ನದಿಯಲ್ಲಿ ಅದು ಸಣ್ಣ ಮೊತ್ತವಲ್ಲ.

ಇನ್ನೂ ಸೂಕ್ಷ್ಮವಾದ ಅಪಾಯ, ಒಂದೇ ಅಂಕಿಗೆ ಇಬ್ಬರು ಒಡೆಯರಿರುವುದು. ಆ 14.75ರಲ್ಲಿ 10 ಟಿಎಂಸಿ ಅಡಿಯನ್ನು ತಮಿಳುನಾಡಿನ ಮುಖಜ ಭೂಮಿಯ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದು, 4.75ನ್ನು ಬೆಂಗಳೂರಿನ ಕುಡಿಯುವ ನೀರಿಗೆಂದು, ನ್ಯಾಯಾಲಯವು ಕರ್ನಾಟಕಕ್ಕೆ ಕೊಟ್ಟಿತು. ಆದರೆ ಒಟ್ಟು 740ರ ಹಂಚಿಕೆಯಲ್ಲಿ ಪರಿಸರ ರಕ್ಷಣೆಗೆಂದು ಇನ್ನೊಂದು 10, ಸಮುದ್ರಕ್ಕೆ ಅನಿವಾರ್ಯವಾಗಿ ಸೇರುವುದೆಂದು 4 ಟಿಎಂಸಿ ಅಡಿ ಮೊದಲಿನಿಂದಲೂ ಇವೆ. ಕಾರಣಗಳನ್ನು ಕತ್ತರಿಸಿ ಅಂಕಿಗಳನ್ನಷ್ಟೇ ಉಳಿಸಿದ ಸಂಗ್ರಹದಲ್ಲಿ ಒಂದು 10 ಮತ್ತೊಂದರ ಜಾಗದಲ್ಲಿ ಕುಳಿತರೆ ಓದುಗನಿಗೆ ತಿಳಿಯುವ ಬಗೆಯಿಲ್ಲ. ಆದ್ದರಿಂದ ಸ್ಥಳಾವಕಾಶವಿಲ್ಲದಿದ್ದರೆ ಕಾರಣವನ್ನು ಬಿಟ್ಟು ಅಂಕಿಯನ್ನು ಉಳಿಸುವುದಕ್ಕಿಂತ ಎರಡನ್ನೂ ಒಟ್ಟಿಗೆ ಬಿಡುವುದು ಲೇಸು ಎಂದು ನನ್ನ ಅಭಿಪ್ರಾಯ.

ಕನ್ನಡದ ಸ್ವಭಾವವೂ ಇಲ್ಲಿ ಒಂದು ಎಚ್ಚರವನ್ನು ಕೇಳುತ್ತದೆ. ಇಂಗ್ಲಿಷಿನಲ್ಲಿ ‘ಇಷ್ಟರಿಂದ ಇಷ್ಟಕ್ಕೆ’ ಎಂಬುದನ್ನು ಬಿಡಿ ಪದಗಳು ತೋರಿಸುತ್ತವೆ. ನಮ್ಮಲ್ಲಿ ಆ ಕೆಲಸ ಪ್ರತ್ಯಯದ್ದು. ‘404.25ಕ್ಕೆ ಇಳಿಸಿತು’ ಎಂಬುದಕ್ಕೂ ‘404.25ರಷ್ಟು ಇಳಿಸಿತು’ ಎಂಬುದಕ್ಕೂ ಅರ್ಥದಲ್ಲಿ ಅಜಗಜಾಂತರ. ಅಂಕಿಯ ಬಳಿಕ ಪ್ರತ್ಯಯವನ್ನು ಬಿಟ್ಟು ‘404.25 ಟಿಎಂಸಿ ಇಳಿಕೆ’ ಎಂದು ಬರೆಯುವ ಶೀರ್ಷಿಕೆಯಂತೂ ಎರಡನೆಯ ಅರ್ಥವನ್ನೇ ಕೊಡುತ್ತದೆ.

ಹೆಸರುಗಳ ವಿಚಾರದಲ್ಲಿ ‘ಬದಲಿಸದೆ’ ಎಂಬ ಮಾತಿಗೆ ಅರ್ಥವೇನೆಂಬುದೇ ಪ್ರಶ್ನೆ, ಏಕೆಂದರೆ ಲಿಪಿ ಬದಲಾದೊಡನೆ ಹೆಸರು ಬದಲಾಗಿಯೇ ಬಿಡುತ್ತದೆ. ತೀರ್ಪು ನೀಡಿದ ಪೀಠದಲ್ಲಿ ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ, ಅಮಿತಾವ ರಾಯ್, ಎ. ಎಂ. ಖಾನ್ವಿಲ್ಕರ್ ಇದ್ದರು. ಇವರಲ್ಲಿ ಎರಡನೆಯವರ ಹೆಸರನ್ನು ಚಿತ್ರನಟರ ಪರಿಚಯಬಲದಿಂದ ‘ಅಮಿತಾಭ್’ ಎಂದು ತಿದ್ದುವ ಕೈ ನಮ್ಮಲ್ಲಿ ಕಡಿಮೆಯಿಲ್ಲ. ಅದು ತಿದ್ದುಪಡಿಯಲ್ಲ, ಬೇರೊಬ್ಬರ ಹೆಸರು. ತಮಿಳು ಹೆಸರುಗಳಲ್ಲಿ ತೊಡಕು ಇನ್ನೊಂದು ಬಗೆಯದು. ರೋಮನ್ ಲಿಪಿ ಲಕಾರ ಳಕಾರಗಳನ್ನು ಬೇರ್ಪಡಿಸುವುದಿಲ್ಲ. ತಮಿಳಿನಲ್ಲಿ ಇಂದಿಗೂ ಉಳಿದಿರುವ, ಕನ್ನಡದಲ್ಲಿ ಳಕಾರದೊಡನೆ ಬೆರೆತುಹೋದ ೞಕಾರವನ್ನು ಎರಡು ಅಕ್ಷರ ಕೂಡಿಸಿ ಬರೆಯುತ್ತಾರೆ, ಕೆಲವೊಮ್ಮೆ ಹಾಗೂ ಬರೆಯುವುದಿಲ್ಲ. ಇಂಗ್ಲಿಷ್ ಅಕ್ಷರಗಳನ್ನೇ ನಂಬಿದವನು ‘ಕಳಗಂ’ ಎಂಬುದನ್ನು ‘ಕಝಗಂ’ ಎನ್ನುತ್ತಾನೆ. ಅಂದಿನ ಮುಖ್ಯಮಂತ್ರಿ ಎಡಪ್ಪಾಡಿ ಕೆ. ಪಳನಿಸ್ವಾಮಿಯವರನ್ನು ‘ಪಲನಿಸ್ವಾಮಿ’ ಮಾಡುತ್ತಾನೆ. ಪಳನಿಯ ಬೆಟ್ಟದ ಹೆಸರು ಕನ್ನಡದಲ್ಲಿ ಬಹುಕಾಲದಿಂದ ಇದ್ದೇ ಇದೆ.