ಮಧ್ಯದ ಖಾಲಿ ಜಾಗ ನೋಡಿ

HCl ಅನಿಲದ ಅವಕೆಂಪು ರೋಹಿತ ಕೈಗೆ ಬಂದೊಡನೆ ಎಲ್ಲಕ್ಕಿಂತ ಆಳವಾದ ಗೆರೆಗೆ ಬೆರಳಿಟ್ಟು, 2963 ಎಂದು ಓದಿ, ಸೂತ್ರಕ್ಕೆ ತುರುಕಿ, ‘ಬಲ ಸ್ಥಿರಾಂಕ ಸಿಕ್ಕಿತು’ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆಳದ ಗೆರೆ ಕೊಠಡಿಯ ಉಷ್ಣತೆಯಲ್ಲಿ ಯಾವ ಭ್ರಮಣಸ್ಥಿತಿಯಲ್ಲಿ ಹೆಚ್ಚು ಅಣುಗಳಿವೆ ಎಂಬುದನ್ನಷ್ಟೇ ಹೇಳುತ್ತದೆ. ಬಂಧ ಎಷ್ಟು ಬಿಗಿ ಎಂಬುದಕ್ಕೆ ಅದು ಉತ್ತರವಲ್ಲ.

ನನ್ನ ಕಣ್ಣು ತೆರೆದದ್ದು ಸಾಂತಾಕ್ರೂಜ್ ಕಡೆಯ ಪ್ರಯೋಗಾಲಯವೊಂದರಲ್ಲಿ, ಒಂದು ಜುಲೈಯಲ್ಲಿ. ಅನಿಲದ ಕೊಳವೆಯ ಎರಡು ತುದಿಗೂ ಉಪ್ಪಿನ ಹರಳಿನ ಕಿಟಕಿ. ಮುಂಬಯಿ ಮಳೆಗಾಲದ ತೇವ ಕುಡಿದು ಅವು ಮಂಜುಗಟ್ಟಿದ್ದವು. ಮೊದಲ ರೋಹಿತ ಪೂರಾ ಮಸುಕು. ಕಿಟಕಿ ಉಜ್ಜಿ, ಒಣಗಿಸಿ ಮತ್ತೆ ಹಾಕಿದೆವು. ಪೆನ್ನು ಬಾಚಣಿಗೆಯ ಹಲ್ಲುಗಳಂತೆ ಗೆರೆ ಎಳೆಯುತ್ತ ಬಂತು. 2906ರ ನಂತರ ತಟ್ಟನೆ ಸುಮ್ಮನಾಯಿತು. 2865ಕ್ಕೆ ಮತ್ತೆ ಇಳಿಯಿತು. ಆ ಮೌನವನ್ನು ಇವತ್ತಿಗೂ ಮರೆತಿಲ್ಲ.

ನೋಡಬೇಕಾದ್ದು ಆ ಮೌನವನ್ನೇ. HClನಲ್ಲಿ ಭ್ರಮಣ ಬದಲಾಗದೆ ಕಂಪನ ಮಾತ್ರ ಏರುವಂತಿಲ್ಲ. ಹಾಗಾಗಿ ಶುದ್ಧ ಕಂಪನದ ಗೆರೆ ಕಾಣುವುದೇ ಇಲ್ಲ. ಅದರ ಸ್ಥಾನ ಮಾತ್ರ ಎರಡು ಗೆರೆಗಳ ನಡುಮಧ್ಯ, 2886 ಸೆಂ.ಮೀ⁻¹ ಹತ್ತಿರ. ಉಪಕರಣ ಚೆನ್ನಾಗಿದ್ದರೆ ಪ್ರತಿ ಹಲ್ಲೂ ಎರಡಾಗಿ ಸೀಳಿರುತ್ತದೆ: ದೊಡ್ಡದು ಕ್ಲೋರಿನ್-35ರದ್ದು, ಚಿಕ್ಕದು 37ರದ್ದು. ದೊಡ್ಡದನ್ನೇ ಅಳೆಯಿರಿ.

ಇನ್ನು ಲೆಕ್ಕ:

k = 4π²c²ν̃²μ

ಇಲ್ಲಿ μ ರೆಡ್ಯೂಸ್ಡ್ ಮಾಸ್, HClಗೆ 1.627 × 10⁻²⁷ ಕಿ.ಗ್ರಾಂ. 2886 ಹಾಕಿದರೆ ಮೀಟರಿಗೆ 481 ನ್ಯೂಟನ್. ಬಹಳ ಮಂದಿ ಇಲ್ಲಿಗೇ ಎದ್ದು ಹೋಗುತ್ತಾರೆ. ರಸಿಕರು ಕೂತಿರಬೇಕು. ಹೈಡ್ರೋಜನ್ನಿನ ಜಾಗಕ್ಕೆ ಡ್ಯೂಟೀರಿಯಂ ಹಾಕಿ. ಬಂಧವನ್ನು ಕಟ್ಟಿದ್ದು ಎಲೆಕ್ಟ್ರಾನುಗಳು, ಅವು ಬದಲಾಗಿಲ್ಲ; k ಅಷ್ಟೇ ಬರಬೇಕು. ಆದರೆ DClನ 2091ರಿಂದ 491 ಬರುತ್ತದೆ. ಒಂದೇ ಸ್ಪ್ರಿಂಗಿಗೆ ಎರಡು ಬಿಗಿತ!

ತಪ್ಪು ಅಳತೆಯದ್ದಲ್ಲ. ನಿಜವಾದ ಬಂಧ ಹಿಗ್ಗಿದಷ್ಟೂ ಸಡಿಲವಾಗುತ್ತದೆ, ಆದ್ದರಿಂದ ಮೆಟ್ಟಿಲುಗಳ ಎತ್ತರ ಮೇಲೆ ಹೋದಂತೆ ಕುಗ್ಗುತ್ತದೆ. ಹಗುರವಾದ ಹೈಡ್ರೋಜನ್ ಹೆಚ್ಚು ಅಗಲವಾಗಿ ತೂಗುವುದರಿಂದ ಅದಕ್ಕೆ ಈ ಪೆಟ್ಟು ಜಾಸ್ತಿ. ಎಷ್ಟು ಎಂದು ತಿಳಿಯಲು ಮಸುಕಾದ ಮೊದಲ ಓವರ್‌ಟೋನನ್ನು ಹುಡುಕಿ: HClಗೆ ಅದು 5668ರಲ್ಲಿದೆ. 2886ರ ಎರಡರಷ್ಟು 5772, ಕೊರತೆ 104. ಆ 104ನ್ನು 2886ಕ್ಕೆ ಕೂಡಿಸಿದರೆ 2990. ಬಂಧ ತನ್ನ ಸಮತೋಲದ ಸುತ್ತ ಚೂರೇ ಚೂರು ಅಲುಗಿದ್ದರೆ ಇರುತ್ತಿದ್ದ ತರಂಗಸಂಖ್ಯೆ ಇದು. ಈಗ k 516. DClಗೂ ಇದೇ ತಿದ್ದುಪಡಿ ಮಾಡಿದರೆ 2091 ಸುಮಾರು 2145 ಆಗುತ್ತದೆ.

ಅದರಿಂದ ಬರುವ k ಕೂಡ 516.

2963 ಓದಿದವರಿಗೆ 507 ಬಂದಿರುತ್ತದೆ. ಸರಿಯುತ್ತರಕ್ಕೆ ಅಷ್ಟು ಹತ್ತಿರ ಬಂದುದರಿಂದಲೇ ಅವರಿಗೆ ತಮ್ಮ ತಪ್ಪು ಗೊತ್ತಾಗುವುದಿಲ್ಲ. DClನಲ್ಲೂ ಆಳದ ಗೆರೆಯನ್ನೇ ಓದಲಿ, ಎರಡು ಉತ್ತರಗಳು ಕೂಡಿಬರುತ್ತವೋ ನೋಡಲಿ.