ಕ್ರಿಯಾಪದಕ್ಕೆ ಮೊದಲೇ ಕತ್ತರಿ

ಕನ್ನಡದ ದೀರ್ಘ ಸಂದರ್ಶನಗಳ ಬಹುಪಾಲು ವಿಡಿಯೊಗಳಲ್ಲಿ ಈಗ ಮೊದಲು ಎದುರಾಗುವುದು ಸಂದರ್ಶನವಲ್ಲ, ಅದರ ಟೀಸರ್. ಮುಕ್ಕಾಲು ನಿಮಿಷದಲ್ಲಿ ಅತಿಥಿಯ ಐದಾರು ಮಾತಿನ ತುಣುಕುಗಳು ಬಂದುಹೋಗುತ್ತವೆ, ತುಣುಕುಗಳ ನಡುವೆ ಢಂ ಎನ್ನುವ ಸಂಗೀತ, ಕೊನೆಗೆ ಅತಿಥಿ ಏನೋ ಹೇಳಹೊರಟು ಬಾಯಿ ತೆರೆದಾಗಲೇ ಪರದೆ ಕಪ್ಪು. ಆಮೇಲೆ ನಿರೂಪಕರ ನಮಸ್ಕಾರ, ‘ಇವತ್ತೇ ನೋಡಿ’ ಎಂಬ ಒತ್ತಾಯ. ಈ ರೂಪವನ್ನು ಬೈಯುವುದು ಸುಲಭ, ಆದರೆ ಬೈದರೆ ಅದರ ಕೆಲಸ ಅರ್ಥವಾಗುವುದಿಲ್ಲ. ಒಂದು ಗಂಟೆಯ ಮಾತನ್ನು ಕೇಳಬೇಕೋ ಬೇಡವೋ ಎಂದು ತೀರ್ಮಾನಿಸಲು ಕೇಳುಗನಿಗೆ ಏನಾದರೂ ಆಧಾರ ಬೇಕು. ಟೀಸರ್ ಆ ಆಧಾರವನ್ನು ಒದಗಿಸಬೇಕು. ಹಾಗಾಗಿ ಅದು ಎಷ್ಟು ಕುತೂಹಲ ಕೆರಳಿಸಿತು ಎಂಬುದು ಅದನ್ನು ಅಳೆಯುವ ಮೊದಲ ಮಾನದಂಡವಲ್ಲ. ಟೀಸರ್‌ನಲ್ಲಿ ಕೇಳಿದ ಮಾತು ಸಂಚಿಕೆಯೊಳಗೆ ಮತ್ತೆ ಬಂದಾಗ ಅದೇ ಅರ್ಥದಲ್ಲಿ ಬರುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಈ ಪರೀಕ್ಷೆಯಲ್ಲಿ ನಮ್ಮ ಟೀಸರ್‌ಗಳು ಎಡವುವುದಕ್ಕೆ ಎಡಿಟರ್‌ಗಳ ಕೆಟ್ಟ ಬುದ್ಧಿಯೊಂದೇ ಕಾರಣವಲ್ಲ. ಕನ್ನಡ ವಾಕ್ಯದ ಕಟ್ಟಡ ಗೊತ್ತಿಲ್ಲದ ಕತ್ತರಿಯೂ ಕಾರಣ.

ಒಂದು ಸಂಚಿಕೆಯನ್ನು ಕಲ್ಪಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ವಿಷಯ ನಿಜವಾದದ್ದೇ: 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ಆಗ ಹೆಚ್ಚುಕಡಿಮೆ ತುಂಬಿತ್ತು. ಈ ಬಗ್ಗೆ ನಿವೃತ್ತ ಎಂಜಿನಿಯರ್ ಒಬ್ಬರು ಒಂದು ಗಂಟೆ ಮಾತನಾಡಿದ್ದಾರೆ ಎಂದುಕೊಳ್ಳೋಣ. ಮಾತಿನ ನಡುವೆ ಅವರು ಹೀಗೆನ್ನುತ್ತಾರೆ: ‘ಗೇಟು ಹೋದ ರಾತ್ರಿ ಕೆಳಗಿನ ಊರುಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಇನ್ನೇನು ಡ್ಯಾಮೇ ಒಡೆದುಹೋಗುತ್ತೆ ಅಂತ. ಹಾಗೇನೂ ಇರಲಿಲ್ಲ. ಗೇಟು ಬೇರೆ, ಕಟ್ಟೆ ಬೇರೆ.’ ಟೀಸರ್ ಮಾಡುವವರ ಕಣ್ಣು ಬೀಳುವುದು ‘ಡ್ಯಾಮೇ ಒಡೆದುಹೋಗುತ್ತೆ’ ಎಂಬಲ್ಲಿ. ಅಲ್ಲಿಗೆ ಕತ್ತರಿ ಹಾಕಿ ಒಂದು ಢಂ ಸೇರಿಸಿದರೆ ಮುಗಿಯಿತು. ಉಳಿದುಹೋದದ್ದು ‘ಅಂತ’ ಎಂಬ ಎರಡಕ್ಷರ. ಊರವರ ಗಾಬರಿ ಈಗ ಎಂಜಿನಿಯರರ ಎಚ್ಚರಿಕೆಯಾಗಿದೆ, ಅವರು ಅಲ್ಲಗಳೆಯಲು ಹೇಳಿದ ಮಾತು ಅವರದೇ ಅಭಿಪ್ರಾಯವಾಗಿದೆ. ಕನ್ನಡದಲ್ಲಿ ಮಾತು ಯಾರದು ಎಂಬುದು, ಅದು ಹೌದೋ ಅಲ್ಲವೋ ಎಂಬುದು, ಹೇಳುವವನಿಗೆ ಎಷ್ಟು ಖಾತ್ರಿ ಎಂಬುದು, ಎಲ್ಲವೂ ವಾಕ್ಯದ ಬಾಲದಲ್ಲಿ ಬರುತ್ತದೆ. ‘ಅಧಿಕಾರಿಗಳಿಗೆ ಮೊದಲೇ ಗೊತ್ತಿತ್ತು ಅಂತ ನಾನು ಹೇಳ್ತಾ...’ ಎಂದು ನಿಲ್ಲಿಸಿದರೆ ಮುಂದೆ ‘ಇದ್ದೀನಿ’ ಬರುತ್ತದೋ ‘ಇಲ್ಲ’ ಬರುತ್ತದೋ ಕೇಳುಗನಿಗೆ ತಿಳಿಯದು. ಸಂಗೀತದ ಧಾಟಿ ಅವನ ಕೈಹಿಡಿದು ‘ಇದ್ದೀನಿ’ಯತ್ತ ಎಳೆಯುತ್ತದೆ. ನಿರಾಕರಣೆ ಮೊದಲೇ ಬಂದುಬಿಡುವ ಇಂಗ್ಲಿಷಿನಂಥ ಭಾಷೆಯ ಟೀಸರ್‌ಗಳನ್ನು ನೋಡಿ ಕಲಿತ ಕತ್ತರಿ ಇಲ್ಲಿ ಎರಡು ಪಟ್ಟು ಹಾನಿ ಮಾಡುವುದು ಇದಕ್ಕೇ.

ಇದಕ್ಕೆ ಬರುವ ಮೊದಲ ಆಕ್ಷೇಪ ವ್ಯಾವಹಾರಿಕ, ಅದನ್ನು ತಳ್ಳಿಹಾಕುವಂತಿಲ್ಲ. ಜನ ಮೊದಲ ಅರ್ಧ ನಿಮಿಷದಲ್ಲೇ ಎದ್ದುಹೋಗುತ್ತಾರೆ. ಯೂಟ್ಯೂಬ್ ಕೂಡ ಚಾನೆಲ್ ನಡೆಸುವವರಿಗೆ 30ನೇ ಸೆಕೆಂಡಿನಲ್ಲಿ ಎಷ್ಟು ಮಂದಿ ಉಳಿದಿದ್ದರು ಎಂದು ಬೇರೆಯಾಗಿಯೇ ತೋರಿಸುತ್ತದೆ. ಆ ಅಂಕಿ ಕುಸಿದರೆ ಒಳಗೆ ಎಷ್ಟು ಒಳ್ಳೆಯ ಮಾತಿದ್ದೂ ಏನು ಪ್ರಯೋಜನ ಎನ್ನುತ್ತಾರೆ. ಸರಿ, ಆದರೆ ನೋಡುಗರು ಎಲ್ಲಿಯವರೆಗೆ ಉಳಿದರು ಎಂದು ತೋರಿಸುವ ಅದೇ ನಕ್ಷೆಯನ್ನು ಇನ್ನಷ್ಟು ಬಲಕ್ಕೆ ಓದಬೇಕು. ಟೀಸರ್‌ನಲ್ಲಿ ಕಡಿದಿಟ್ಟ ಮಾತು ಸಂಚಿಕೆಯಲ್ಲಿ ಎಲ್ಲಿ ಬರುತ್ತದೋ ಅಲ್ಲಿ ಗೆರೆ ಏನಾಗುತ್ತದೆ ಎಂದು ಗಮನಿಸಬೇಕು. ಅಲ್ಲಿ ಗೆರೆ ಚೂಪಾಗಿ ಮೇಲೇರಿ ತಕ್ಷಣವೇ ಧುಮುಕಿದರೆ, ಜನ ನಡುವಿನದನ್ನೆಲ್ಲ ಹಾರಿ ಆ ಒಂದು ಮಾತನ್ನು ಹುಡುಕಿಕೊಂಡು ಬಂದು, ‘ಇಷ್ಟೇನಾ’ ಎಂದು ಹೊರಟುಹೋದರು ಎಂದೇ ಬಹುಮಟ್ಟಿಗೆ ಊಹಿಸಬಹುದು. ಮೇಲೇರಿದ ಗೆರೆ ನಿಧಾನವಾಗಿ ಇಳಿದರೆ, ಬಂದವರು ಕೂತು ಕೇಳಿದ್ದಾರೆ. ಮೊದಲ ಅರ್ಧ ನಿಮಿಷದಲ್ಲಿ ಗಳಿಸಿದ್ದನ್ನು 38ನೇ ನಿಮಿಷದಲ್ಲಿ ಕಳೆದುಕೊಳ್ಳುವ ಈ ವ್ಯಾಪಾರದ ನಷ್ಟವನ್ನು ಯಾರೂ ಟೀಸರ್ ಖಾತೆಗೆ ಬರೆಯುವುದಿಲ್ಲ. ಅತಿಥಿ ನೀರಸ ಎಂದು ಬರೆದುಕೊಳ್ಳುತ್ತಾರೆ.

ಟೀಸರ್‌ನಿಂದ ಈಗ ವಿಡಿಯೊದ ಅಧ್ಯಾಯಗಳ ಪಟ್ಟಿಗೆ ಬರೋಣ. ಟೀಸರ್‌ಗೂ ಅಧ್ಯಾಯಕ್ಕೂ ಒಳಗೊಳಗೇ ಜಗಳವಿದೆ. ಉತ್ತರ ಎಲ್ಲಿದೆ ಎಂಬುದನ್ನು ಟೀಸರ್ ಬಚ್ಚಿಡುತ್ತದೆ, ಅಧ್ಯಾಯ ಬಿಟ್ಟುಕೊಡುತ್ತದೆ. ಹಾಗಾಗಿಯೇ ಅನೇಕರು ಅಧ್ಯಾಯಗಳನ್ನು ಕೊಡುವುದೇ ಇಲ್ಲ, ಕೊಟ್ಟರೂ ‘ಆ ಭಯಾನಕ ರಾತ್ರಿ’, ‘ಶಾಕಿಂಗ್ ಸತ್ಯ’ ಎಂದು ಬರೆದು ಪಟ್ಟಿಯನ್ನೂ ಇನ್ನೊಂದು ಟೀಸರ್ ಮಾಡುತ್ತಾರೆ. ತಾಂತ್ರಿಕವಾಗಿ ಅಧ್ಯಾಯ ಕೊಡುವುದು ಕಷ್ಟದ ಕೆಲಸವಲ್ಲ. ವಿಡಿಯೊದ ವಿವರಣೆಯಲ್ಲಿ ಸಮಯವನ್ನೂ ಹೆಸರನ್ನೂ ಸಾಲುಸಾಲಾಗಿ ಬರೆದರೆ ಸಾಕು. ಮೊದಲ ಸಾಲು 00:00 ಎಂದಿರಬೇಕು, ಕನಿಷ್ಠ ಮೂರು ಸಾಲುಗಳಿರಬೇಕು, ಸಮಯ ಏರುಕ್ರಮದಲ್ಲಿರಬೇಕು, ಯಾವ ಅಧ್ಯಾಯವೂ 10 ಸೆಕೆಂಡಿಗಿಂತ ಚಿಕ್ಕದಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಪಟ್ಟಿ ಅಧ್ಯಾಯಗಳಾಗುವುದಿಲ್ಲ, ಪ್ಲೇಯರಿನ ಗೆರೆಯ ಮೇಲೆ ಆ ಗುರುತುಗಳು ಮೂಡುವುದಿಲ್ಲ. ಮೊದಲ ಸಾಲಿನ ನಿಯಮದಿಂದ ಒಂದು ತಮಾಷೆಯ ಉಪಕಾರವೂ ಆಗಿದೆ: ಟೀಸರ್ 00:00ಕ್ಕೆ ಶುರುವಾಗುವುದರಿಂದ ಅದಕ್ಕೂ ಒಂದು ಹೆಸರಿಡಲೇಬೇಕು, ಹೆಸರಿಟ್ಟ ಕೂಡಲೇ ಬೇಡದವರು ಅದನ್ನು ದಾಟಿ ಹೋಗಬಹುದು. ನಮ್ಮ ಕಲ್ಪನೆಯ ಸಂಚಿಕೆಗೆ ಪಟ್ಟಿ ಹೀಗಿರಬಹುದು.

```
00:00 ಮುನ್ನೋಟ
00:40 ಸರಪಳಿ ತುಂಡಾದ ರಾತ್ರಿ
14:20 ಉಳಿದ ಗೇಟುಗಳನ್ನೂ ತೆರೆದದ್ದೇಕೆ
29:05 ಸ್ಟಾಪ್‌ಲಾಗ್: ಹರಿವ ನೀರಲ್ಲಿ ಕೂರಿಸಿದ್ದು
47:30 ಎರಡನೇ ಬೆಳೆಗೆ ನೀರಿನ ಲೆಕ್ಕ
```

ಇದರಲ್ಲಿ ಗುಟ್ಟು ಯಾವುದೂ ಇಲ್ಲ, ಆದರೂ ಕುತೂಹಲವಿದೆ. ಒಂದು ಗೇಟು ಹೋಗಿ ನೀರು ನುಗ್ಗುತ್ತಿರುವಾಗ ಉಳಿದ ಗೇಟುಗಳನ್ನೂ ಎತ್ತಿದರು ಎಂದರೆ ತಿಳಿಯದವನಿಗೆ ಅದು ತಲೆಕೆಟ್ಟ ಕೆಲಸ. ಗೇಟು ಹೋದ ಜಾಗದಲ್ಲಿ ನೀರಿನ ಒತ್ತಡ ತಗ್ಗಬೇಕಾದರೆ ಜಲಾಶಯದ ಮಟ್ಟವೇ ಇಳಿಯಬೇಕು ಎಂಬುದು ವಿವರಿಸಿದ ಮೇಲಷ್ಟೇ ಹೊಳೆಯುತ್ತದೆ. 60 ಅಡಿ ಅಗಲ, 20 ಅಡಿ ಎತ್ತರದ ಆ ತೆರವಿಗೆ ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದ್ದು ನೀರು ಹರಿಯುತ್ತಿದ್ದಾಗಲೇ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಒಂದು ವಾರದೊಳಗೆ ಅದು ಆಯಿತು. ಇಂಥ ಸಂಗತಿಗೆ ಢಂ ಬೇಕಿಲ್ಲ. ‘ಹೇಗೆ’, ‘ಏಕೆ’ ಎಂಬ ಪ್ರಶ್ನೆಗಳು ಉತ್ತರದ ಜಾಗವನ್ನು ತೋರಿಸಿಯೂ ಉತ್ತರವನ್ನು ಕೇಳುವ ಆಸೆ ಉಳಿಸುತ್ತವೆ. ‘ಏನಾಯಿತು’ ಎಂಬುದನ್ನು ಬಚ್ಚಿಟ್ಟ ಟೀಸರ್‌ಗೆ ಆ ಶಕ್ತಿಯಿಲ್ಲ, ಏಕೆಂದರೆ ಏನಾಯಿತು ಎಂಬುದನ್ನು ಪತ್ರಿಕೆ ಓದಿದವರೆಲ್ಲ ಬಲ್ಲರು. ಫೋನಿನಲ್ಲಿ ಅಧ್ಯಾಯದ ಹೆಸರಿನ ಮೊದಲ ಎರಡು ಮೂರು ಪದಗಳಷ್ಟೇ ಕಾಣುವುದುಂಟು ಎಂಬುದನ್ನೂ ನೆನಪಿಡಬೇಕು. ‘ಸ್ಟಾಪ್‌ಲಾಗ್’ ಎಂಬ ಪದ ಸಾಲಿನ ಆರಂಭಕ್ಕೆ ಬಂದದ್ದು ಅದಕ್ಕಾಗಿ.

ಅಧ್ಯಾಯ ಕೊಟ್ಟರೆ ಜನ ತಮಗೆ ಬೇಕಾದ್ದನ್ನಷ್ಟೇ ನೋಡಿ ಹೋಗುತ್ತಾರೆ, ನೋಡುವ ಹೊತ್ತು ಕಡಿಮೆಯಾಗುತ್ತದೆ ಎಂಬುದು ಎರಡನೇ ಆಕ್ಷೇಪ. ಕೆಲವರ ಮಟ್ಟಿಗೆ ನಿಜ. ಆದರೆ ಈ ಆಕ್ಷೇಪದ ಹಿಂದೆ ಒಂದು ಊಹೆ ಅಡಗಿದೆ: ಅಧ್ಯಾಯ ಇಲ್ಲದಿದ್ದರೆ ಅದೇ ಮನುಷ್ಯ ಪೂರ್ತಿ ನೋಡುತ್ತಿದ್ದ ಎಂಬುದು. ಕೊಪ್ಪಳದ ಕಡೆಯ ರೈತನೊಬ್ಬನಿಗೆ ಬೇಕಿರುವುದು 47:30ರ ನಂತರದ ಮಾತು. ದಾರಿ ತೋರಿಸದಿದ್ದರೆ ಅವನು 47 ನಿಮಿಷ ಕಾಯುವುದಿಲ್ಲ, ಹೊರಟೇಹೋಗುತ್ತಾನೆ. ಹಾರುವುದೂ ಬಿಟ್ಟುಹೋಗುವುದೂ ಒಂದೇ ಅಲ್ಲ. ಅಧ್ಯಾಯ ನಿಜಕ್ಕೂ ಒಗ್ಗದ ಕಾರ್ಯಕ್ರಮಗಳಿವೆ ಎಂಬುದನ್ನು ಒಪ್ಪಬೇಕು. ಅಪರಾಧದ ಕಥೆಯನ್ನು ಹೆಣೆದು ಹೇಳುವಲ್ಲಿ, ಒಬ್ಬರ ಬದುಕು ನಿಧಾನವಾಗಿ ಬಿಚ್ಚಿಕೊಳ್ಳುವಲ್ಲಿ ಪಟ್ಟಿ ಕಥೆಯನ್ನೇ ಕೆಡಿಸುತ್ತದೆ. ಅಲ್ಲಿ ಕಡಿಮೆ ಹೇಳುವ ಟೀಸರ್ ಸರಿ. ಮಾಹಿತಿಯ ಸಂವಾದಕ್ಕೆ ಕಥೆಯ ಟೀಸರ್ ತೊಡಿಸುವುದೇ ತೊಂದರೆ.

ಇನ್ನು ‘ಇವತ್ತೇ ನೋಡಿ’. ಇವತ್ತೇ ಯಾಕೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಚಾನೆಲ್ಲಿನ ಕ್ಯಾಲೆಂಡರಿನದು: ಸಂಚಿಕೆ ಇವತ್ತು ಬಂದಿದೆ, ಮೊದಲ ದಿನದ ನೋಟಗಳು ಮುಖ್ಯ. ಅದು ನೋಡುಗನಿಗೆ ಸಂಬಂಧಿಸಿದ್ದಲ್ಲ. ತುಂಗಭದ್ರೆಯ ಸಂಚಿಕೆಗೆ ನಿಜವಾದ ‘ಇವತ್ತು’ ಬರುವುದು ಮುಂಗಾರಿನ ಆರಂಭದಲ್ಲಿ, ಕಾಲುವೆಗೆ ನೀರು ಬಿಡುವ ಬಗ್ಗೆ ನೀರಾವರಿ ಸಲಹಾ ಸಮಿತಿಯ ಸಭೆ ನಡೆಯುವ ಮುನ್ನ. ಗೇಟು ಹೋದ ಮರುವರ್ಷ, 2025ರಲ್ಲಿ, ಸುಮಾರು 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಯ ಆಸುಪಾಸಿಗೆ ಮಿತಿಗೊಳಿಸಿದ್ದರು. ಕಾಲುವೆಯ ಕೊನೆಭಾಗದವನಿಗೆ ಈ ಅಂಕಿ ಎಂದರೆ ಎರಡನೇ ಭತ್ತದ ಬೆಳೆ ನೆಚ್ಚಿಕೊಳ್ಳಬಹುದೋ ಇಲ್ಲವೋ ಎಂಬ ತೀರ್ಮಾನ. ‘ಸಭೆಗೆ ಮೊದಲು 47:30ರಿಂದ ಕೇಳಿ’ ಎಂದರೆ ಅದು ಕಾರಣ. ‘ಮಿಸ್ ಮಾಡ್ಕೋಬೇಡಿ’ ಎಂದರೆ ಕೂಗು. ಎಲ್ಲ ಸಂಚಿಕೆಗೂ ಇಂಥ ಕಾರಣ ಎಲ್ಲಿಂದ ತರುವುದು ಎಂದು ಕೇಳಬಹುದು. ತರಬೇಕಿಲ್ಲ. ಹಂಪಿಯ ಶಿಲ್ಪದ ಬಗೆಗಿನ ಮಾತಿಗೆ ಇವತ್ತೂ ಇಲ್ಲ ನಾಳೆಯೂ ಇಲ್ಲ. ಬಿಡುವಾದಾಗ ನೋಡಿ ಎಂದರೆ ಅದಕ್ಕೆ ಅವಮಾನವೇನೂ ಆಗದು.

ನಿಜವಾದ ‘ಇವತ್ತು’ ಇದ್ದಾಗಲೂ ಅದನ್ನು ಎಲ್ಲಿ ಇಡುತ್ತೇವೆ ಎಂಬುದು ಮುಖ್ಯ, ಏಕೆಂದರೆ ಸಭೆ ಮುಗಿದ ಮರುದಿನವೇ ಆ ಮಾತು ಹಳಸುತ್ತದೆ. ಅದನ್ನು ಟೀಸರ್‌ನ ಧ್ವನಿಯೊಳಗೆ ಹೊಸೆದುಬಿಟ್ಟರೆ ಎರಡು ವರ್ಷದ ನಂತರ ಬಂದವನಿಗೂ ‘ಇದೇ ವಾರ’ ಎಂದು ಅದು ಹೇಳುತ್ತಲೇ ಇರುತ್ತದೆ. ಆಡಿಯೊ ಪಾಡ್‌ಕಾಸ್ಟಿನಲ್ಲಿ ಫೈಲನ್ನು ಬದಲಿಸಬಹುದು. ಯೂಟ್ಯೂಬಿನಲ್ಲಿ ಏರಿಸಿದ ವಿಡಿಯೊದ ಜಾಗದಲ್ಲಿ ಬೇರೊಂದನ್ನು ಇಡಲಾಗದು, ಆದರೆ ಅಲ್ಲಿನ ಎಡಿಟರಿನಲ್ಲಿ ಬೇಡವಾದ ಭಾಗ ಕತ್ತರಿಸಬಹುದು. ಮೊದಲ 40 ಸೆಕೆಂಡು ತೆಗೆದರೆ ವಿವರಣೆಯಲ್ಲಿ ಬರೆದ ಸಮಯಗಳೆಲ್ಲ ಅಷ್ಟೇ ತಪ್ಪುತ್ತವೆ: ‘ಮುನ್ನೋಟ’ದ ಸಾಲನ್ನು ಅಳಿಸಬೇಕು, 00:40 ಅನ್ನು 00:00 ಮಾಡಬೇಕು, 47:30 ಅನ್ನು 46:50ಕ್ಕೆ ಇಳಿಸಬೇಕು. ಕಾಲದ ಮಾತನ್ನು ಮೊದಲಿಂದಲೇ ವಿವರಣೆಯ ಮೊದಲ ಸಾಲಿನಲ್ಲಿ ಬರಹವಾಗಿ ಇಟ್ಟಿದ್ದರೆ ಒಂದು ಸಾಲನ್ನು ಅಳಿಸಿದರೆ ಸಾಕಿತ್ತು.